ಅರ್ಧ ಕೆಜಿ ಅಗ್ಗವೋ, ಎರಡು ಕೆಜಿ ಅಗ್ಗವೋ: ಪ್ಯಾಕೆಟ್ ಮೇಲಿನ ಪೈಸೆ ಲೆಕ್ಕ

ಪ್ರಶ್ನೆ: ಸರ್, ನಾವು ಬಸವೇಶ್ವರನಗರದಲ್ಲಿದ್ದೇವೆ, ಮನೆಯಲ್ಲಿ ನಾಲ್ಕು ಜನ. ಹೋದ ವಾರ ಸೂಪರ್ ಮಾರ್ಕೆಟ್ಟಿನಲ್ಲಿ ಒಂದೇ ಕಂಪನಿಯ ತೊಗರಿಬೇಳೆ ನೋಡಿದೆ. 500 ಗ್ರಾಂ ಪ್ಯಾಕೆಟ್ಟಿಗೆ ಎಂಆರ್‌ಪಿ ₹92, ಅದರ ಕೆಳಗೆ ‘ಯುಎಸ್‌ಪಿ ಗ್ರಾಂಗೆ ₹0.18’ ಅಂತಿತ್ತು. 2 ಕೆಜಿ ಪ್ಯಾಕೆಟ್ಟಿಗೆ ಎಂಆರ್‌ಪಿ ₹365, ‘ಯುಎಸ್‌ಪಿ ಕೆಜಿಗೆ ₹182.50’. 0.18ನ್ನು ಸಾವಿರದಿಂದ ಗುಣಿಸಿದರೆ ₹180 ಆಗುತ್ತೆ, ಅಂದರೆ ಚಿಕ್ಕದೇ ಅಗ್ಗ ಅಂದುಕೊಂಡೆ. ನಮ್ಮತ್ತೆ ಮಾತ್ರ ದೊಡ್ಡ ಪ್ಯಾಕೆಟ್ ಯಾವತ್ತಿದ್ದರೂ ಅಗ್ಗ ಅಂತಾರೆ. ಅಂಗಡಿಯವರ ಬೆಲೆಚೀಟಿಯಲ್ಲಿ ಚಿಕ್ಕದಕ್ಕೆ ₹85, ದೊಡ್ಡದಕ್ಕೆ ₹349 ಇತ್ತು. ಯಾರ ಲೆಕ್ಕ ಸರಿ?

ಉತ್ತರ: ಅವತ್ತು ಆ ಅಂಗಡಿಯಲ್ಲಿ ಚಿಕ್ಕ ಪ್ಯಾಕೆಟ್ಟೇ ಅಗ್ಗವಾಗಿತ್ತು. ಹಾಗಂತ ನಿಮ್ಮ ಲೆಕ್ಕ ಸರಿ ಅನ್ನಲಾರೆ. ಉತ್ತರ ಸರಿ ಬಂದಿದೆ, ದಾರಿ ತಪ್ಪಿದೆ. ಎಂಆರ್‌ಪಿಯ ಮಟ್ಟಿಗೆ ನಿಮ್ಮ ಅತ್ತೆಯವರ ಮಾತೇ ಸರಿ. ಬಿಲ್ಲಿನಲ್ಲಿ ಕೊಡುವ ದುಡ್ಡಿನ ಮಟ್ಟಿಗೆ ನಿಮ್ಮದು ಸರಿ. ಒಂದೇ ಬೇಳೆಗೆ ಎರಡು ಉತ್ತರ ಹೇಗೆ ಬಂತು ಅನ್ನುವುದನ್ನು ಬಿಡಿಸಿ ಹೇಳುತ್ತೇನೆ. ಹದಿನೆಂಟು ವರ್ಷ ಕಿರಾಣಿ ಅಂಗಡಿಗಳಿಗೆ ಸಾಮಾನು ಕೊಂಡುಕೊಡುವ ಕೆಲಸದಲ್ಲಿದ್ದವನು ನಾನು. ಯಶವಂತಪುರದ ಎಪಿಎಂಸಿ ಯಾರ್ಡಿನಲ್ಲೂ ತರಗುಪೇಟೆಯಲ್ಲೂ ಅರ್ಧ ಆಯಸ್ಸು ಕಳೆದಿದ್ದೇನೆ. ಆದರೂ ಈ ಲೆಕ್ಕದಲ್ಲಿ ನಾನೇ ಮೋಸಹೋಗಿದ್ದಿದೆ, ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ಆ ‘ಯುಎಸ್‌ಪಿ’. ಬಿಡಿ ಪ್ರಮಾಣಕ್ಕೆ ಬೀಳುವ ಮಾರಾಟ ಬೆಲೆ ಅಂತ ಅದರ ಅರ್ಥ. 2011ರ ಪೊಟ್ಟಣ ಸಾಮಗ್ರಿ ನಿಯಮಗಳಿಗೆ 2021ರ ನವೆಂಬರಿನಲ್ಲಿ ತಂದ ತಿದ್ದುಪಡಿಯಿಂದ ಇದು ಪ್ಯಾಕೆಟ್ ಮೇಲೆ ಬಂತು. ಅದೇ ತಿದ್ದುಪಡಿ ಇನ್ನೊಂದು ಕೆಲಸವನ್ನೂ ಮಾಡಿತು. ಅಲ್ಲಿಯವರೆಗೆ ಚಹಾ, ಕಾಫಿ, ಬಿಸ್ಕತ್ತು, ಅಡುಗೆ ಎಣ್ಣೆಯಂಥ ಕೆಲವು ಪದಾರ್ಥಗಳನ್ನು ಇಂತಿಂಥ ತೂಕದಲ್ಲೇ ಪ್ಯಾಕ್ ಮಾಡಬೇಕು ಅನ್ನುವ ಪಟ್ಟಿಯಿತ್ತು. ಆ ಪಟ್ಟಿಯನ್ನು ತೆಗೆದುಹಾಕಿದರು. ಕಂಪನಿ ತನಗೆ ಬೇಕಾದ ತೂಕದಲ್ಲಿ ಪ್ಯಾಕ್ ಮಾಡಿಕೊಳ್ಳಲಿ, ಬದಲಿಗೆ ಗ್ರಾಂಗೋ ಕೆಜಿಗೋ ಎಷ್ಟು ಬೀಳುತ್ತದೆಂದು ಅಚ್ಚು ಹಾಕಲಿ, ಕೊಳ್ಳುವವರು ಹೋಲಿಸಿಕೊಳ್ಳಲಿ ಅನ್ನುವುದು ಯೋಚನೆ. ಯೋಚನೆ ಚೆನ್ನಾಗಿಯೇ ಇದೆ. ಎಡವಟ್ಟು ಇರುವುದು ಅದನ್ನು ಬರೆಯುವ ರೀತಿಯಲ್ಲಿ.

ನಿಯಮದ ಪ್ರಕಾರ ಒಂದು ಕೆಜಿಗಿಂತ ಕಡಿಮೆ ಇರುವ ಪ್ಯಾಕೆಟ್ಟಿಗೆ ಗ್ರಾಂ ಲೆಕ್ಕದಲ್ಲಿ ಬರೆಯಬೇಕು, ಒಂದು ಕೆಜಿಗಿಂತ ಹೆಚ್ಚಿದ್ದರೆ ಕೆಜಿ ಲೆಕ್ಕದಲ್ಲಿ. ಎಣ್ಣೆ, ಶಾಂಪೂಗಳಿಗೂ ಹೀಗೇ, ಲೀಟರಿಗಿಂತ ಕೆಳಗೆ ಮಿಲಿ, ಮೇಲೆ ಲೀಟರ್. ಸರಿಯಾಗಿ ಒಂದು ಕೆಜಿ ಪ್ಯಾಕೆಟ್ಟಾದರೆ ಎಂಆರ್‌ಪಿಯೇ ಕೆಜಿಯ ಬೆಲೆ, ಹಾಗಾಗಿ ಬೇರೆ ಬರೆಯಬೇಕಾಗಿಲ್ಲ. ಅಂದರೆ ಯಾವ ಚಿಕ್ಕ ಪ್ಯಾಕೆಟ್ಟನ್ನು ಯಾವ ದೊಡ್ಡ ಪ್ಯಾಕೆಟ್ಟಿನ ಜೊತೆ ಹೋಲಿಸಬೇಕೆಂದು ನಿಮಗೆ ಆಸೆಯೋ, ಅವೆರಡರ ಮೇಲೆ ಬೇರೆಬೇರೆ ಅಳತೆಯ ಬೆಲೆ ಇರುತ್ತದೆ. ಒಂದರಲ್ಲಿ 0.18, ಇನ್ನೊಂದರಲ್ಲಿ 182.50. ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಕಣ್ಣಿಗೆ ಹತ್ತುವುದೇ ಇಲ್ಲ. ಸಾವಿರದಿಂದ ಗುಣಿಸೋಣ ಅಂತ ನಿಮಗೆ ಹೊಳೆದದ್ದು ಸಹಜವೇ, ಆದರೆ ಗುಣಿಸಿದ ಕೂಡಲೇ ಎರಡನೇ ತೊಡಕಿಗೆ ಸಿಕ್ಕಿಬಿದ್ದಿರಿ.

ಆ ಬೆಲೆಯನ್ನು ದಶಾಂಶದ ನಂತರ ಎರಡೇ ಅಂಕಿಗೆ, ಅಂದರೆ ಹತ್ತಿರದ ಪೈಸೆಗೆ ಸರಿಹೊಂದಿಸಿ ಬರೆಯುತ್ತಾರೆ. ₹92ನ್ನು 500ರಿಂದ ಭಾಗಿಸಿದರೆ ಬರುವುದು 0.184. ಕೊನೆಯ 4 ಉದುರಿಹೋಗಿ 0.18 ಅಂತ ಅಚ್ಚಾಯಿತು. ಗ್ರಾಂನಲ್ಲಿ ಅದು ಅರ್ಧ ಪೈಸೆಗೂ ಕಡಿಮೆ, ಯಾರೂ ಲೆಕ್ಕಕ್ಕಿಡುವುದಿಲ್ಲ. ನೀವು ಸಾವಿರದಿಂದ ಗುಣಿಸಿದಾಗ ಆ ಬಿಟ್ಟುಹೋದ ಚೂರೂ ಸಾವಿರ ಪಟ್ಟು ಬೆಳೆದು ನಾಲ್ಕು ರೂಪಾಯಿ ಆಯಿತು. ನಿಜವಾಗಿ ಆ ಚಿಕ್ಕ ಪ್ಯಾಕೆಟ್ಟಿನ ಬೇಳೆ ಎಂಆರ್‌ಪಿ ಲೆಕ್ಕದಲ್ಲಿ ಕೆಜಿಗೆ ₹184. ದೊಡ್ಡದು ₹182.50. ನಿಮ್ಮ ಅತ್ತೆಯವರು ಹೇಳಿದಂತೆ ದೊಡ್ಡದೇ ಅಗ್ಗ, ಒಂದೂವರೆ ರೂಪಾಯಿಯಷ್ಟು.

ಪೈಸೆಗೆ ಸರಿಹೊಂದಿಸುವಾಗ ಹೆಚ್ಚೆಂದರೆ ಅರ್ಧ ಪೈಸೆ ಮೇಲಕ್ಕೋ ಕೆಳಕ್ಕೋ ಹೋಗುತ್ತದೆ. ಗ್ರಾಂಗೆ ಅರ್ಧ ಪೈಸೆ ಅಂದರೆ ಕೆಜಿಗೆ ಐದು ರೂಪಾಯಿ. ಹಾಗಾಗಿ ಗ್ರಾಂ ಲೆಕ್ಕದಲ್ಲಿ ಅಚ್ಚಾದ ಯಾವುದೇ ಬೆಲೆಯನ್ನು ಕೆಜಿಗೆ ತಿರುಗಿಸಿದರೂ ಅದು ಐದು ರೂಪಾಯಿ ಅತ್ತಿತ್ತ ಇರಬಹುದು ಅಂತಲೇ ಇಟ್ಟುಕೊಳ್ಳಿ. ಇದು ದೊಡ್ಡದೋ ಚಿಕ್ಕದೋ ಅನ್ನುವುದು ಪದಾರ್ಥದ ಮೇಲೆ ಹೋಗುತ್ತದೆ. ಏಲಕ್ಕಿ ಗ್ರಾಂಗೆ ಮೂರು ರೂಪಾಯಿಯ ಮೇಲೆ. ಅಲ್ಲಿ ಕೆಜಿಗೆ ಐದು ರೂಪಾಯಿ ಲೆಕ್ಕಕ್ಕೇ ಬರುವುದಿಲ್ಲ, ಅಚ್ಚಾದದ್ದನ್ನು ಕಣ್ಣುಮುಚ್ಚಿ ನಂಬಬಹುದು. ಕಾಫಿ ಪುಡಿಯಲ್ಲೂ ಪರವಾಗಿಲ್ಲ. ಗೋಧಿ ಹಿಟ್ಟು, ರವೆ, ಅವಲಕ್ಕಿ, ಉಪ್ಪು, ಸಕ್ಕರೆ ಹೀಗೆ ಕೆಜಿಗೆ ನೂರರೊಳಗಿನ ಪದಾರ್ಥಗಳ ಚಿಕ್ಕ ಪ್ಯಾಕೆಟ್ ಮೇಲಿನ ಯುಎಸ್‌ಪಿ ಮಾತ್ರ ಹೆಚ್ಚುಕಡಿಮೆ ನಿಷ್ಪ್ರಯೋಜಕ. ಒಂದು ಉದಾಹರಣೆ ನೋಡಿ. ಅರ್ಧ ಕೆಜಿ ರವೆ ಒಂದು ಕಂಪನಿಯದು ₹34, ಇನ್ನೊಂದರದು ₹37. ಮೊದಲನೆಯದು ಗ್ರಾಂಗೆ 0.068, ಎರಡನೆಯದು 0.074. ಎರಡರ ಮೇಲೂ ಅಚ್ಚಾಗುವುದು ಒಂದೇ, ₹0.07. ಕೆಜಿಗೆ ₹68ರ ರವೆಯೂ ₹74ರ ರವೆಯೂ ಕಾಗದದ ಮೇಲೆ ಸಮ! ಇದರಲ್ಲಿ ಕಂಪನಿಯವರ ಮೋಸವೇನೂ ಇಲ್ಲ, ನಿಯಮ ಹೇಳಿದ್ದನ್ನೇ ಅವರು ಮಾಡಿದ್ದಾರೆ.

ಅದಕ್ಕೆ ನನ್ನ ಪದ್ಧತಿ ಬಹಳ ಸರಳ. ಅಚ್ಚಾದ ಯುಎಸ್‌ಪಿಯನ್ನು ಗುಣಿಸಲು ಹೋಗುವುದಿಲ್ಲ, ಬೆಲೆಯನ್ನೇ ಕೆಜಿಗೆ ತರುತ್ತೇನೆ. ಅರ್ಧ ಕೆಜಿಯಾದರೆ ಎರಡರಿಂದ ಗುಣಿಸಿ, ಕಾಲು ಕೆಜಿಯಾದರೆ ನಾಲ್ಕರಿಂದ, 200 ಗ್ರಾಂ ಆದರೆ ಐದರಿಂದ. 400 ಗ್ರಾಂ ಆದರೆ ಎರಡೂವರೆ ಪಟ್ಟು. 750 ಗ್ರಾಂ ಆದರೆ ಬೆಲೆಯ ಮೂರನೇ ಒಂದು ಪಾಲನ್ನು ಬೆಲೆಗೇ ಕೂಡಿಸಿ. ಈಚೆಗೆ ಎಲ್ಲೆಲ್ಲೂ ಕಾಣುವ 850 ಗ್ರಾಂಗೆ ಆರನೇ ಒಂದು ಪಾಲು ಕೂಡಿಸಿದರೆ ನಿಜದ ಬೆಲೆಗಿಂತ ನೂರಕ್ಕೆ ಒಂದು ರೂಪಾಯಿಯಷ್ಟು ಮಾತ್ರ ಕಡಿಮೆ ಬರುತ್ತದೆ. 340, 475, 180 ಥರದ ವಕ್ರ ತೂಕಗಳಿಗೆ ಫೋನಿನಲ್ಲಿರುವ ಕ್ಯಾಲ್ಕುಲೇಟರ್ ತೆಗೆಯಿರಿ:

```
ಕೆಜಿಯ ಬೆಲೆ = ಕೊಡುವ ಬೆಲೆ ÷ ಗ್ರಾಂ × 1000
```

ಇಲ್ಲಿ ‘ಕೊಡುವ ಬೆಲೆ’ ಅಂದದ್ದನ್ನು ಗಮನಿಸಿ, ಎಂಆರ್‌ಪಿ ಅನ್ನಲಿಲ್ಲ. ನಿಮ್ಮ ಬೇಳೆಯ ಕಥೆ ಮತ್ತೆ ತಿರುಗಿಕೊಳ್ಳುವುದು ಇಲ್ಲೇ. ಪ್ಯಾಕೆಟ್ ಮೇಲಿನ ಯುಎಸ್‌ಪಿಯನ್ನು ಹಾಕುವವನು ಕಾರ್ಖಾನೆಯವನು. ನಿಮ್ಮ ಅಂಗಡಿಯವನು ಎಷ್ಟು ಬಿಟ್ಟು ಮಾರುತ್ತಾನೋ ಅವನಿಗೆ ಗೊತ್ತಿಲ್ಲ, ಗೊತ್ತಾಗುವ ಹಾಗೂ ಇಲ್ಲ. ಹಾಗಾಗಿ ಎಂಆರ್‌ಪಿಯನ್ನೇ ಭಾಗಿಸಿ ಹಾಕುತ್ತಾನೆ. ಬೆಂಗಳೂರಿನ ಸೂಪರ್ ಮಾರ್ಕೆಟ್ಟುಗಳಲ್ಲಿ ಬೇಳೆಕಾಳನ್ನು ಪೂರ್ತಿ ಎಂಆರ್‌ಪಿಗೆ ಮಾರುವವರು ಕಡಿಮೆ. ಎಲ್ಲ ಅಳತೆಯ ಪ್ಯಾಕೆಟ್ಟಿಗೂ ಒಂದೇ ಪ್ರಮಾಣದಲ್ಲಿ ಬಿಡುತ್ತಾರೆಯೇ ಅಂದರೆ ಅದೂ ಇಲ್ಲ. ನೀವು ನೋಡಿದ ಚಿಕ್ಕ ಪ್ಯಾಕೆಟ್ಟಿಗೆ ₹7 ಬಿಟ್ಟಿದ್ದಾರೆ, ಅಂದರೆ ಕೆಜಿಗೆ ₹14. ದೊಡ್ಡದಕ್ಕೆ ₹16 ಬಿಟ್ಟಿದ್ದಾರೆ, ನೋಡಲು ಹೆಚ್ಚು, ಆದರೆ ಕೆಜಿಗೆ ₹8 ಮಾತ್ರ. ಈಗ ಲೆಕ್ಕ ಹಾಕಿ: ಚಿಕ್ಕದು ಕೆಜಿಗೆ ₹170, ದೊಡ್ಡದು ₹174.50. ಇನ್ನೂ ಸುಲಭವಾಗಿ ಬೇಕಾದರೆ, ನಾಲ್ಕು ಚಿಕ್ಕ ಪ್ಯಾಕೆಟ್ಟಿಗೆ ₹340, ಅಷ್ಟೇ ಬೇಳೆಯ ಒಂದು ದೊಡ್ಡ ಪ್ಯಾಕೆಟ್ಟಿಗೆ ₹349. ಎಂಆರ್‌ಪಿಯಲ್ಲಾಗಿದ್ದರೆ ₹368ಕ್ಕೆ ₹365.

ಅಂಗಡಿಯವರು ಹೀಗೇಕೆ ಮಾಡುತ್ತಾರೆ ಅಂತ ಕೇಳಬಹುದು. ನಾನು ಕೊಂಡುಕೊಡುತ್ತಿದ್ದ ಅಂಗಡಿಗಳಲ್ಲಿ ಕಾರಣ ಏನೂ ಗೂಢವಾಗಿರಲಿಲ್ಲ. ಗಿರಾಕಿಯ ತಲೆಯಲ್ಲಿ ಕೆಲವೇ ಕೆಲವು ಬೆಲೆಗಳು ಕೂತಿರುತ್ತವೆ: ತೊಗರಿಬೇಳೆ ಕೆಜಿಗೆ ಎಷ್ಟು, ಸಕ್ಕರೆ ಎಷ್ಟು, ಎಣ್ಣೆ ಲೀಟರಿಗೆ ಎಷ್ಟು. ಒಂದು ಕೆಜಿ, ಅರ್ಧ ಕೆಜಿಯ ಬೆಲೆ ನೋಡಿಯೇ ಈ ಅಂಗಡಿ ದುಬಾರಿ, ಆ ಅಂಗಡಿ ವಾಸಿ ಅಂತ ತೀರ್ಮಾನಿಸುತ್ತಾರೆ. ಹಾಗಾಗಿ ಆ ಅಳತೆಗಳಲ್ಲಿ ಲಾಭ ಬಿಟ್ಟಾದರೂ ಬೆಲೆ ಇಳಿಸಿಡುತ್ತಿದ್ದೆವು. ಎರಡು ಕೆಜಿ ಪ್ಯಾಕೆಟ್ಟನ್ನು ‘ದೊಡ್ಡದು ಅಗ್ಗ’ ಅಂತ ನಂಬಿದವರು ಬೆಲೆ ನೋಡದೇ ಗಾಡಿಗೆ ಹಾಕಿಕೊಳ್ಳುತ್ತಿದ್ದರು. ನೋಡದವರಿಗೆ ಇಳಿಸುವ ಅಗತ್ಯವೇನಿತ್ತು? ನಿಮ್ಮ ಅತ್ತೆಯವರಿಗೆ ಬೇಜಾರಾಗಬಾರದು, ಅವರ ಕಾಲಕ್ಕೆ ಅವರ ಮಾತು ಸರಿಯೇ ಇತ್ತು. ಮೂಟೆಯಿಂದ ತೂಗಿ ಕಾಗದದಲ್ಲಿ ಕಟ್ಟಿಕೊಡುತ್ತಿದ್ದ ಅಂಗಡಿಯಲ್ಲಿ ಹೆಚ್ಚು ಕೊಂಡವರಿಗೆ ಶೆಟ್ಟರು ನಾಲ್ಕಾಣೆ ಬಿಡುತ್ತಿದ್ದರು.

ಇಲ್ಲಿ ಇನ್ನೊಂದು ವಿಷಯ. ಎಂಆರ್‌ಪಿ ಲೆಕ್ಕದ ಆ ಒಂದೂವರೆ ರೂಪಾಯಿ ಉಳಿತಾಯವೇ ನಿಜವಾಗಿದ್ದರೂ ಎರಡು ಕೆಜಿಗೆ ಒಟ್ಟು ಉಳಿಯುವುದು ₹3. ಮೂರು ರೂಪಾಯಿಗೆ ಬರುವ ಬೇಳೆ ಹದಿನಾರು ಗ್ರಾಂ, ಸುಮಾರು ಒಂದು ದೊಡ್ಡ ಚಮಚ. ಮಳೆಗಾಲದಲ್ಲಿ ಪ್ಯಾಕೆಟ್ ಒಡೆದಿಟ್ಟು ತಳದಲ್ಲಿ ಒಂದು ಹಿಡಿ ಬೇಳೆಗೆ ಹುಳ ಬಿದ್ದರೆ ಆ ಉಳಿತಾಯವೂ ಹೋಯಿತು, ಅದರ ಮೇಲೆ ಇನ್ನಷ್ಟೂ ಹೋಯಿತು. ದೊಡ್ಡ ಪ್ಯಾಕೆಟ್ ಎಷ್ಟು ಪಾಲು ಅಗ್ಗವೋ ಅದಕ್ಕಿಂತ ಹೆಚ್ಚು ಪಾಲು ಮನೆಯಲ್ಲಿ ಹಾಳಾಗುವ ಹಾಗಿದ್ದರೆ ಅದು ದುಬಾರಿ ಪ್ಯಾಕೆಟ್. ಬೇಳೆಗಿಂತ ಕಾಫಿ ಪುಡಿಗೆ ಇದು ಹೆಚ್ಚು ಅನ್ವಯಿಸುತ್ತದೆ; ಹಾಳಾಗದಿದ್ದರೂ ಒಡೆದಿಟ್ಟ ಪುಡಿಯ ಘಮ ಹೋಗಿರುತ್ತದೆ, ಆಮೇಲೆ ಡಿಕಾಕ್ಷನ್‌ಗೆ ಒಂದು ಚಮಚ ಹೆಚ್ಚು ಹಾಕುತ್ತೀರಿ.

ಎಣ್ಣೆಯ ವಿಷಯಕ್ಕೆ ಬರುತ್ತೇನೆ. ಬೇಳೆಗಿಂತ ಹೆಚ್ಚು ಜನ ಎಡವುವುದು ಇಲ್ಲೇ. ನಾನು ಎಡವಿದ್ದೂ ಇಲ್ಲೇ.

ಎಣ್ಣೆಯನ್ನು ಲೀಟರಿನಲ್ಲೂ ಮಾರುತ್ತಾರೆ, ಕೆಜಿಯಲ್ಲೂ ಮಾರುತ್ತಾರೆ. ಎರಡೂ ಒಂದಲ್ಲ. ಎಣ್ಣೆ ನೀರಿಗಿಂತ ಹಗುರ. ಒಂದು ಲೀಟರ್ ಸೂರ್ಯಕಾಂತಿ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. ಅದರ ಮೇಲೆ, ಎಣ್ಣೆ ಬಿಸಿಯಾದಷ್ಟೂ ಹಿಗ್ಗುತ್ತದೆ. ಬಿಸಿ ಎಣ್ಣೆಯ ಒಂದು ಲೀಟರಿನಲ್ಲಿ ತೂಕ ಕಡಿಮೆ. ಹಿಂದೆ ಕೆಲವು ಕಂಪನಿಗಳು ‘60 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೀಟರ್’ ಅಂತೆಲ್ಲ ಬರೆದು ಹತ್ತಿಪ್ಪತ್ತು ಗ್ರಾಂ ಉಳಿಸಿಕೊಳ್ಳುತ್ತಿದ್ದವು. 2022ರ ಆಗಸ್ಟಿನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ಉಷ್ಣತೆಯ ಆ ಮಾತನ್ನು ತೆಗೆಯಿರಿ, ಲೀಟರಿನ ಜೊತೆಗೆ ತೂಕವನ್ನೂ ಬರೆಯಿರಿ ಅಂತ ಹೇಳಿತು. ಹಾಗಾಗಿ ಈಗ ಪೊಟ್ಟಣದ ಮೇಲೆ ಲೀಟರಿನ ಪಕ್ಕದಲ್ಲೇ ಗ್ರಾಂ ಕೂಡ ಇರುತ್ತದೆ. ಹೋಲಿಸಲು ಹಿಡಿಯಬೇಕಾದ್ದು ಆ ಗ್ರಾಂ ಅಂಕಿಯನ್ನು.

ಯಾಕೆಂದರೆ, ತೂಕದ ಪಟ್ಟಿ ಹೋದ ಮೇಲೆ ಒಂದು ಲೀಟರ್ ಪೊಟ್ಟಣದಷ್ಟೇ ಅಗಲ ಎತ್ತರ ಇರುವ, ಒಳಗೆ ಕಡಿಮೆ ಎಣ್ಣೆ ಇರುವ ಪೊಟ್ಟಣಗಳು ಬಂದಿವೆ. ಅಂಗಡಿಯ ಕಪಾಟಿನಲ್ಲಿ ಎರಡೂ ಒಂದೇ ಸಾಲಿನಲ್ಲಿ ನಿಂತಿರುತ್ತವೆ. ಒಂದರ ಮೇಲೆ ‘1 ಲೀಟರ್, 910 ಗ್ರಾಂ’, ಬೆಲೆ ₹150 ಅಂತಿಟ್ಟುಕೊಳ್ಳಿ. ಇನ್ನೊಂದರ ಮೇಲೆ ‘850 ಗ್ರಾಂ’, ಬೆಲೆ ₹142. ಕೈ ತಾನಾಗಿ ₹142ರದಕ್ಕೆ ಹೋಗುತ್ತದೆ, ಎಂಟು ರೂಪಾಯಿ ಉಳಿಯಿತಲ್ಲ ಅಂತ. ಕೆಜಿಗೆ ತಂದು ನೋಡಿದರೆ ಮೊದಲನೆಯದು ₹164.84, ಎರಡನೆಯದು ₹167.06. ಎಂಟು ರೂಪಾಯಿ ಉಳಿಯಲಿಲ್ಲ, ಅರವತ್ತು ಗ್ರಾಂ ಎಣ್ಣೆ ಕಡಿಮೆ ಬಂತು ಅಷ್ಟೇ; ಅರವತ್ತು ಗ್ರಾಂ ಎಣ್ಣೆಗೆ ಹತ್ತು ರೂಪಾಯಿ ಹತ್ತಿರ ಬೀಳುತ್ತದೆ. ಯುಎಸ್‌ಪಿ ಇಲ್ಲಿ ಏನೂ ಸಹಾಯ ಮಾಡುವುದಿಲ್ಲ. ಒಂದು ಲೀಟರ್ ಪೊಟ್ಟಣಕ್ಕೆ ಬೇರೆ ಯುಎಸ್‌ಪಿ ಬೇಕಿಲ್ಲ, 850 ಗ್ರಾಂನದಕ್ಕೆ ‘ಗ್ರಾಂಗೆ ₹0.17’ ಅಂತಿರುತ್ತದೆ. ಲೀಟರಿನ ₹150ಕ್ಕೂ ಗ್ರಾಂನ ಹದಿನೇಳು ಪೈಸೆಗೂ ಏನು ಸಂಬಂಧ ಅಂತ ಗಾಡಿ ತಳ್ಳಿಕೊಂಡು ನಿಂತವರು ಯೋಚಿಸುವುದುಂಟೇ?

ಇನ್ನು ನನ್ನ ಎಡವಟ್ಟು. ಮಗಳ ಮದುವೆಯ ವರ್ಷ ಮನೆಯಲ್ಲಿ ಜನ ಹೆಚ್ಚು. ತಿಂಗಳುಗಟ್ಟಲೆ ಐದು ಲೀಟರ್ ಕ್ಯಾನ್ ತಂದೆ, ದೊಡ್ಡದು ಅಗ್ಗ ಅನ್ನುವ ಅದೇ ನಂಬಿಕೆಯ ಮೇಲೆ. ಸಗಟು ಲೆಕ್ಕ ನೋಡುವವನು ಮನೆಯ ಲೆಕ್ಕ ನೋಡಲಿಲ್ಲ. ಒಂದು ದಿನ ನಮ್ಮ ಮನೆಯವಳು ಬಿಲ್ಲು ಹಿಡಿದು ಕೇಳಿದಳು: ಕ್ಯಾನಿಗೆ ₹780 ಕೊಟ್ಟಿದ್ದೀರಿ, ಪೊಟ್ಟಣ ₹150, ಐದಕ್ಕೆ ₹750 ಆಗುತ್ತೆ, ಈ ಮೂವತ್ತು ರೂಪಾಯಿ ಯಾವುದಕ್ಕೆ? ಕ್ಯಾನಿಗೆ. ಗಟ್ಟಿ ಪ್ಲಾಸ್ಟಿಕ್ ಕ್ಯಾನ್, ಹಿಡಿಕೆ, ಮುಚ್ಚಳ ಇವಕ್ಕೆಲ್ಲ ತೆಳು ಹಾಳೆಯ ಪೊಟ್ಟಣಕ್ಕಿಂತ ಹೆಚ್ಚು ಖರ್ಚು, ಆ ಖರ್ಚು ಎಣ್ಣೆಯ ಬೆಲೆಯೊಳಗೇ ಸೇರಿಕೊಂಡಿರುತ್ತದೆ. ಕ್ಯಾನು ಖಾಲಿಯಾದ ಮೇಲೆ ನೀರು ತುಂಬಿಡಲು ಬೇಕು ಅನ್ನುವವರಿಗೆ ಅದು ನಷ್ಟವಲ್ಲ. ನಮ್ಮಲ್ಲಿ ಅಷ್ಟೊತ್ತಿಗೆ ಆರು ಕ್ಯಾನು ಜಮೆಯಾಗಿದ್ದವು.

ಆವತ್ತಿನಿಂದ ನನಗೆ ಒಂದು ರೂಢಿ ಬಂದಿದೆ. ಚಿಕ್ಕದು ದೊಡ್ಡದು ಹೋಲಿಸುವಾಗ ಒಳಗಿನ ಪದಾರ್ಥದ ಜೊತೆಗೆ ಹೊರಗಿನ ಡಬ್ಬಿಯೂ ಬದಲಾಗಿದೆಯೇ ಅಂತ ನೋಡುತ್ತೇನೆ. ಚಿಕ್ಕದೂ ದೊಡ್ಡದೂ ಒಂದೇ ಥರದ ಪ್ಲಾಸ್ಟಿಕ್ ಕವರಿನಲ್ಲಿದ್ದರೆ ದೊಡ್ಡದು ಅಗ್ಗವಾಗಿರುವ ಸಂಭವ ಹೆಚ್ಚು. ಕವರಿನಿಂದ ಡಬ್ಬಿಗೆ, ಗಾಜಿನ ಜಾರಿಗೆ, ಪಂಪು ಇರುವ ಬಾಟಲಿಗೆ ಹೋದ ಕೂಡಲೇ ಆ ಸಂಭವ ಬಿದ್ದುಹೋಗುತ್ತದೆ, ಲೆಕ್ಕ ಹಾಕಲೇಬೇಕು. ಶಾಂಪೂ ಇದಕ್ಕೆ ತುದಿಯ ಉದಾಹರಣೆ. ಎರಡು ರೂಪಾಯಿಯ ಸ್ಯಾಶೆಯಲ್ಲಿ ಆರು ಮಿಲಿ ಇದ್ದರೆ ಮಿಲಿಗೆ ಮೂವತ್ಮೂರು ಪೈಸೆ. ಅದೇ ಶಾಂಪೂವಿನ 180 ಮಿಲಿ ಬಾಟಲಿ ₹120 ಆದರೆ ಮಿಲಿಗೆ ಅರವತ್ತೇಳು ಪೈಸೆ, ಸರಿಯಾಗಿ ದುಪ್ಪಟ್ಟು. ಸ್ಯಾಶೆ ಕೊಳ್ಳುವವರು ಎರಡು ರೂಪಾಯಿಗಿಂತ ಐವತ್ತು ಪೈಸೆ ಹೆಚ್ಚಾದರೂ ಪಕ್ಕದ ಕಂಪನಿಗೆ ಹೋಗುತ್ತಾರೆ, ಆ ಹೆದರಿಕೆಗೆ ಬೆಲೆಯನ್ನು ಮುಟ್ಟುವುದಿಲ್ಲ. ಅದೇ ಹೆದರಿಕೆಗೆ ಬೇಕಾದಾಗ ಒಳಗಿನ ಮಿಲಿಯನ್ನು ಕತ್ತರಿಸುತ್ತಾರೆ. ಐದು, ಹತ್ತು ರೂಪಾಯಿಯ ಬಿಸ್ಕತ್ತಿನಲ್ಲೂ ಅದೇ ಕಥೆ. ಬೆಲೆ ಎಷ್ಟೋ ವರ್ಷದಿಂದ ಒಂದೇ, ತೂಕ ಸವೆಯುತ್ತಾ ಬಂದಿದೆ. ಆದ್ದರಿಂದ ಇಂಥ ಪ್ಯಾಕೆಟ್ಟುಗಳ ತೂಕವನ್ನು ನೆನಪಿನಿಂದ ಹೇಳಬೇಡಿ, ಪ್ರತಿ ಸಲ ಹಿಂದೆ ತಿರುಗಿಸಿ ಓದಿ.

ಮನೆಗೆ ತಂದುಕೊಡುವ ಆ್ಯಪ್‌ಗಳ ಬಗ್ಗೆ ನೀವು ಕೇಳಿಲ್ಲ, ಆದರೂ ಒಂದೇ ಮಾತು. ಅಲ್ಲಿ ನಿರ್ವಹಣೆಯದು, ತಂದುಕೊಟ್ಟದ್ದು ಅಂತ ಬಿಲ್ಲಿನ ಕೊನೆಗೆ ಸೇರುವ ದುಡ್ಡು ಯಾವ ಕೆಜಿ ಲೆಕ್ಕದಲ್ಲೂ ಕಾಣುವುದಿಲ್ಲ. ₹85ರ ಒಂದೇ ಬೇಳೆ ಪ್ಯಾಕೆಟ್ಟಿಗೆ ₹15 ಸೇರಿದರೆ ನಿಮ್ಮ ಬೇಳೆ ಕೆಜಿಗೆ ₹200.

ಕೊನೆಗೆ ಅಕ್ಕಿ. ನಾಲ್ಕು ಜನರ ಮನೆ ಅಂದಿದ್ದೀರಿ, ಮೂಟೆಯನ್ನೇ ತರುತ್ತೀರಿ ಅಂದುಕೊಂಡಿದ್ದೇನೆ. ಅಕ್ಕಿ ಅಂಗಡಿಯಲ್ಲಿ 25 ಕೆಜಿಯ ಮೂಟೆಯ ಪಕ್ಕದಲ್ಲೇ 26 ಕೆಜಿಯ ಮೂಟೆ ಕಾಣುತ್ತದಲ್ಲ, ಆ ಒಂದು ಕೆಜಿ ಎಲ್ಲಿಂದ ಬಂತು ಅಂತ ಎಂದಾದರೂ ಯೋಚಿಸಿದ್ದೀರಾ? 2022ರ ಜುಲೈ 18ರಿಂದ, ಪ್ಯಾಕ್ ಮಾಡಿ ಹೆಸರು ಅಚ್ಚು ಹಾಕಿದ ಅಕ್ಕಿ, ಬೇಳೆ, ಹಿಟ್ಟಿಗೆ ಶೇಕಡಾ 5 ಜಿಎಸ್‌ಟಿ ಬಿತ್ತು. ಆದರೆ ಅದು 25 ಕೆಜಿಯವರೆಗಿನ ಪ್ಯಾಕಿಗೆ ಮಾತ್ರ. ಅದನ್ನು ದಾಟಿದ ಮೂಟೆಗೆ ಇಲ್ಲ. ಮಿಲ್ಲಿನವರು ಒಂದು ಕೆಜಿ ಹೆಚ್ಚು ತುಂಬಿ ತೆರಿಗೆಯ ಗೆರೆ ದಾಟಿದರು, ಅಷ್ಟೇ.

25 ಕೆಜಿ ಮೂಟೆ ₹1,500 ಅಂತಿಟ್ಟುಕೊಳ್ಳಿ, ಕೆಜಿಗೆ ₹60 ಆಯಿತು. ಅದೇ ಗಿರಣಿಯ ಅದೇ ಅಕ್ಕಿಯ 26 ಕೆಜಿ ಮೂಟೆ ₹1,485 ಇದ್ದರೆ ಕೆಜಿಗೆ ಸುಮಾರು ₹57. ಈ ಮೂರು ರೂಪಾಯಿ ಯಾರ ಔದಾರ್ಯವೂ ಅಲ್ಲ, ತೆರಿಗೆಯದು: ₹60ರಲ್ಲಿ ತೆರಿಗೆ ಕಳೆದರೆ ಉಳಿಯುವುದೂ ₹57ರ ಚಿಲ್ಲರೆಯೇ. ಹಾಗಾಗಿ 26 ಕೆಜಿ ಮೂಟೆಯನ್ನೂ ಅಂಗಡಿಯವರು ಕೆಜಿಗೆ ₹60ರಂತೆ ಲೆಕ್ಕ ಹಾಕಿ ₹1,560 ಹೇಳಿದರೆ, ತೆರಿಗೆ ಇಲ್ಲದ ಮೂಟೆಗೆ ತೆರಿಗೆ ಸೇರಿದ ದರ ಯಾಕೆ ಅಂತ ನೇರವಾಗಿ ಕೇಳಿ. ಚೌಕಾಸಿಗೆ ಜಾಗ ಇರುವುದು ಅಲ್ಲಿ. ಮೂಟೆ ಬೇಡ, ಐದು ಕೆಜಿ ಸಾಕು ಅನ್ನುವವರು ಆ ತೆರಿಗೆಯನ್ನು ಹೇಗೂ ಕೊಡಲೇಬೇಕು, ಅದರ ಜೊತೆ ಹೆಚ್ಚು ಚೀಲದ ಖರ್ಚೂ ಸೇರುತ್ತದೆ. ದೊಡ್ಡದು ನಿಜಕ್ಕೂ ಅಗ್ಗ ಅಂತ ನಾನು ಧೈರ್ಯವಾಗಿ ಹೇಳಬಲ್ಲ ಪದಾರ್ಥ ಅಕ್ಕಿಯೇ.

ಅಕ್ಕಿಗೂ ಒಂದು ಎಚ್ಚರಿಕೆ ಬೇಕು. ಕೆಜಿಯ ಬೆಲೆ ಹೋಲಿಸುವುದು ಒಂದೇ ಪದಾರ್ಥವನ್ನು ಹೋಲಿಸುವಾಗ ಮಾತ್ರ ಅರ್ಥವುಳ್ಳದ್ದು. ಸೋನಾ ಮಸೂರಿಯಲ್ಲೇ ಹಳೇ ಅಕ್ಕಿ ಹೊಸ ಅಕ್ಕಿ ಅಂತ ಎರಡಿದೆ. ಹಳೆಯದು ಕೆಜಿಗೆ ನಾಲ್ಕಾರು ರೂಪಾಯಿ ಹೆಚ್ಚು, ಆದರೆ ಒಂದು ಪಾವು ಅಕ್ಕಿಗೆ ಅನ್ನ ಹೆಚ್ಚು ಆಗುತ್ತದೆ, ಉದುರುದುರಾಗಿಯೂ ಇರುತ್ತದೆ. ಹೊಸದು ಮುದ್ದೆಯಾಗುತ್ತದೆ. 26 ಕೆಜಿಯ ಮೂಟೆ ತುಂಬಾ ಅಗ್ಗ ಅನಿಸಿದರೆ ತೆರಿಗೆಯ ಮೂರು ರೂಪಾಯಿಯನ್ನು ಮೊದಲು ಕಳೆಯಿರಿ. ಆಮೇಲೂ ವ್ಯತ್ಯಾಸ ಉಳಿದರೆ ಒಳಗಿರುವುದು ಹೊಸ ಅಕ್ಕಿಯೋ ನುಚ್ಚು ಹೆಚ್ಚಿರುವುದೋ ಅಂತ ಒಂದು ಹಿಡಿ ತೆಗೆದು ನೋಡಿ. ಕಾಫಿ ಪುಡಿಯಲ್ಲೂ ಹೀಗೇ, ಚಿಕೋರಿ ಶೇಕಡಾ 20 ಇರುವ ಪುಡಿಯ ಗ್ರಾಂ ಬೆಲೆಯನ್ನು 40 ಇರುವುದರ ಜೊತೆ ಹೋಲಿಸಿ ಎರಡನೆಯದು ಅಗ್ಗ ಅಂದರೆ, ನೀವು ಕೊಂಡದ್ದು ಅಗ್ಗದ ಕಾಫಿಯಲ್ಲ, ಹೆಚ್ಚು ಚಿಕೋರಿ.

ಇನ್ನು ಪ್ಯಾಕೆಟ್ ಮೇಲೆ ಯುಎಸ್‌ಪಿಯೇ ಇಲ್ಲದಿದ್ದರೆ, ಇಲ್ಲವೇ ಎಂಆರ್‌ಪಿಯನ್ನು ಭಾಗಿಸಿದ ಅಂಕಿಗೂ ಅಚ್ಚಾದದ್ದಕ್ಕೂ ಪೈಸೆಯ ಸರಿಹೊಂದಿಕೆ ಮೀರಿ ವ್ಯತ್ಯಾಸ ಇದ್ದರೆ ಅದು ನಿಯಮಕ್ಕೆ ವಿರುದ್ಧ. ಪ್ಯಾಕೆಟ್ಟಿನ ಎರಡೂ ಬದಿಯ ಫೋಟೊ, ಬಿಲ್ಲು ಇಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು, ಕನ್ನಡದಲ್ಲೂ ಮಾತಾಡಬಹುದು. ನೀವು ನೋಡಿದ ಬೇಳೆಯ ಪ್ಯಾಕೆಟ್ಟಿನಲ್ಲಿ ಅಂಥ ತಪ್ಪೇನೂ ಇಲ್ಲ. ಇದೇ ಬೆಲೆ ಮುಂದಿನ ತಿಂಗಳೂ ಇದ್ದರೆ ಅರ್ಧ ಕೆಜಿಯ ನಾಲ್ಕು ತನ್ನಿ, ಒಂದನ್ನು ಒಡೆದು ಮೂರನ್ನು ಹಾಗೇ ಇಡಿ. ಆದರೆ ಕಪಾಟಿನ ಮುಂದೆ ನಿಂತು ಬೆಲೆಚೀಟಿಯ ಅಂಕಿಯನ್ನು ಮತ್ತೊಮ್ಮೆ ಎರಡರಿಂದ ಗುಣಿಸಿ ನೋಡಿ. ಚಿಕ್ಕದಕ್ಕೆ ₹85ರ ಬದಲು ₹88 ಆಗಿದ್ದರೂ ಸಾಕು, ಕೆಜಿಗೆ ₹176 ಆಗಿ ನಿಮ್ಮ ಅತ್ತೆಯವರೇ ಗೆಲ್ಲುತ್ತಾರೆ.